ಹದಿನೆಂಟು ಇಂಚಿನ ಸೋಫಾ

ರಾಯಚೂರಿನ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದ ಹಂಪಯ್ಯ ಮಾಸ್ತರನಿಗೆ ಸೋಫಾದ ಹುಚ್ಚು ಹಿಡಿದದ್ದು ಎಂಬತ್ತಾರನೇ ಇಸವಿಯ ದಸರಾ ರಜೆಯಲ್ಲಿ. ಶಕ್ತಿನಗರದಲ್ಲಿ ಒಬ್ಬ ಇಂಜಿನಿಯರರ ಮನೆಗೆ ಹೋದವನು, ಅವರು ಚಹಾ ತರಲು ಒಳಗೆ ಹೋದ ಗಳಿಗೆಯಲ್ಲಿ ಅಲ್ಲಿನ ಸೋಫಾವನ್ನು ಗೇಣಿನಿಂದ ಅಳೆದು ಬಂದಿದ್ದ. ಮೂವರು ಕೂರುವ ಉದ್ದ, ಏಳು ಅಡಿ. ಬೆನ್ನಿನ ದಿಂಬಿನಿಂದ ಮುಂದಿನ ಅಂಚಿಗೆ ಇಪ್ಪತ್ಮೂರು ಇಂಚು. ಜೊತೆಗೆ ಅಂಥವೇ ಎರಡು ಒಂಟಿ ಸೋಫಾ. ಮೂರು ಮತ್ತು ಎರಡು ಐದು, ಮನೆಯಲ್ಲೂ ಐದು ಮಂದಿ. ಗಣಿತದ ಮಾಸ್ತರನಿಗೆ ಇದಕ್ಕಿಂತ ಚಂದದ ಲೆಕ್ಕ ಬೇಕೆ?

ಬಾಡಿಗೆ ಮನೆಯ ಪಡಸಾಲೆ ಹನ್ನೊಂದು ಅಡಿ ಉದ್ದ, ಒಂಬತ್ತು ಅಡಿ ಅಗಲ ಇತ್ತು ಎಂಬುದು ಮಾತ್ರ ಆ ಲೆಕ್ಕದೊಳಗೆ ಬರಲಿಲ್ಲ. ಅದೇ ಪಡಸಾಲೆಯಲ್ಲಿ ಮಕ್ಕಳಿಬ್ಬರೂ ಓದಬೇಕು, ಐವರೂ ಸಾಲಾಗಿ ಕೂತು ಉಣ್ಣಬೇಕು, ಅವ್ವ ಮೂಕಮ್ಮ ಹಾಸಿಕೊಂಡು ಮಲಗಬೇಕು. ಹೆಂಡತಿ ಮಹಾಂತಮ್ಮ ದೇವದುರ್ಗದ ಕಡೆಯವಳು, ಸರಕಾರಿ ದವಾಖಾನೆಯಲ್ಲಿ ನರ್ಸು, ಯಾವುದಕ್ಕೂ ಸುಲಭಕ್ಕೆ ಹೂಂ ಅನ್ನುವವಳಲ್ಲ. ಒಮ್ಮೆ ಅತ್ತೆಯನ್ನು ಕೇಳಿ ನೋಡಿ ಎಂದಳು. ಕೇಳುವುದೇನು, ಅವ್ವನಿಗಾಗಿಯೇ ಅಲ್ಲವೇ ಇದೆಲ್ಲ ಎಂದು ಅವನು ಸಿಡುಕಿದ.

ಅದು ಸುಳ್ಳಲ್ಲ. ಮಾನ್ವಿ ಹತ್ತಿರದ ಅವರ ಊರಿನಲ್ಲಿ ಮೂಕಮ್ಮ ಗೌಡರ ಹೊಲದಲ್ಲಿ ಭತ್ತ ನೆಟ್ಟವಳು, ಹತ್ತಿ ಬಿಡಿಸಿದವಳು. ಕೂಲಿಗೆ ಹೋದಾಗ ಗೌಡರ ಕಟ್ಟೆಯ ಕೆಳಗೆ ಮಣ್ಣಿನಲ್ಲಿ ಕೂರುತ್ತಿದ್ದಳು, ಅವಳ ಮಗ್ಗುಲಲ್ಲಿ ಏಳು ವರ್ಷದ ಹಂಪಯ್ಯ. ಆ ಕಟ್ಟೆ ಅವನ ಕಣ್ಣೊಳಗೆ ಹಾಗೇ ಉಳಿದುಬಿಟ್ಟಿತ್ತು. ಈಗ ಅವ್ವ ತನ್ನ ಮನೆಯಲ್ಲಿದ್ದೂ ನೆಲವನ್ನೇ ಹಿಡಿದು ಕೂತಿದ್ದಳು. ಕುರ್ಚಿ ಹಾಕಿದರೆ ಒಂದು ನಿಮಿಷ ಕೂತು ಜಾರಿ ಇಳಿಯುತ್ತಿದ್ದಳು. ಹೆಡ್ಮಾಸ್ತರರ ಮನೆಯ ಮೆತ್ತನೆಯ ಸೋಫಾದಿಂದಲೂ ಎಲ್ಲರೆದುರು ಇಳಿದು ಜಮಖಾನದ ಮೇಲೆ ಕೂತಾಗ ಹಂಪಯ್ಯ ಚಹಾ ಅರ್ಧಕ್ಕೇ ಬಿಟ್ಟು ಅವ್ವನನ್ನು ಕರೆದುಕೊಂಡು ಹೊರಟಿದ್ದ. ಗೌಡ ಸತ್ತು ಹತ್ತು ವರ್ಷವಾದರೂ ಅವನ ಅಂಜಿಕೆ ಅವ್ವನ ಮೈ ಬಿಟ್ಟಿಲ್ಲ ಎಂದು ಅವನಿಗೆ ಗಟ್ಟಿಯಾಗಿತ್ತು. ಇಂಜಿನಿಯರರ ಮನೆಯಲ್ಲಿರುವಂಥದ್ದನ್ನೇ ತಂದು, ಅವ್ವನನ್ನು ಅದರ ಮೇಲೆ ರಾಣಿಯಂತೆ ಕೂರಿಸಬೇಕು. ಆಗಲೇ ಅವನ ಎದೆ ತಣ್ಣಗಾಗುವುದು.

ಬಡಿಗತನದಲ್ಲಿ ಹೆಸರು ಮಾಡಿದ್ದ ಮೀರಾಹುಸೇನ ಮಿಸ್ತ್ರಿ, ಮಾಸ್ತರ ಚೀಟಿಯಲ್ಲಿ ಬರೆದು ತಂದ ಅಳತೆಯನ್ನು ಓದಿ ಹಾಗೇ ವಾಪಸು ಕೊಟ್ಟ. ಮೊದಲು ಮನೆ ನೋಡಬೇಕು, ಕೂರುವ ಮಂದಿಯನ್ನು ನೋಡಬೇಕು, ಆಮೇಲೆ ಕಟ್ಟಿಗೆ ಎಂದ. ಅಂಗಿ ಹೊಲಿಯುವವನು ಮೈ ನೋಡದೆ ಬಟ್ಟೆ ಕತ್ತರಿಸುತ್ತಾನೆಯೇ ಎಂದೂ ಸೇರಿಸಿದ. ಮಾಸ್ತರನಿಗೆ ಸಿಟ್ಟು ಬಂತು, ಆದರೆ ಊರಲ್ಲಿ ಅವನಷ್ಟು ನಂಬಿಕೆಯ ಕೆಲಸಗಾರ ಇನ್ನೊಬ್ಬನಿರಲಿಲ್ಲ.

ಭಾನುವಾರ ಬೆಳಿಗ್ಗೆ ಬಂದ ಮಿಸ್ತ್ರಿ, ಮಾಸ್ತರನ ಜೇಬಿನ ಸೀಮೆಸುಣ್ಣವನ್ನೇ ಇಸಿದುಕೊಂಡು ನೆಲದ ಮೇಲೆ ಸೋಫಾ ಬರೆದ. ಉದ್ದನೆಯ ಗೋಡೆಯ ಒಂದು ತುದಿಗೆ ಅಡುಗೆಮನೆಯ ಬಾಗಿಲು, ಇನ್ನೊಂದು ತುದಿಗೆ ಬೀದಿ ಬಾಗಿಲ ಕದ ತೆರೆದು ನಿಲ್ಲುವ ಜಾಗ. ನಡುವೆ ಉಳಿದದ್ದು ಆರೇ ಅಡಿ. ಏಳಡಿಯ ಗೆರೆ ಅಡುಗೆಮನೆಯ ಹೊಸ್ತಿಲಿಗೆ ಅಡ್ಡ ಬಂತು. ಎದುರಿಗೆ ಒಂಟಿ ಸೋಫಾ ಎರಡನ್ನೂ ಬರೆದಾಗ ನಡುವೆ ಮೂರಡಿ ಉಳಿಯಿತು. ಮಹಾಂತಮ್ಮ ಸುಮ್ಮನೆ ಐದು ತಾಟು ತಂದು ಆ ಮೂರಡಿಯಲ್ಲಿ ಇಡಲು ನೋಡಿದಳು. ತಾಟುಗಳೇನೋ ಹಿಡಿಸಿದವು, ಉಣ್ಣುವವರು ಹಿಡಿಸಲಿಲ್ಲ. ಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕವು.

ಒಬ್ಬರಿಗೆ ಇಪ್ಪತ್ತು ಇಂಚಿನಂತೆ ಮೂವರಿಗೆ ಐದಡಿ, ಎರಡು ಕಡೆ ಮೂರು ಮೂರು ಇಂಚಿನ ಸಣ್ಣ ಕೈ, ಒಟ್ಟು ಐದೂವರೆ ಅಡಿ ಸಾಕು ಎಂದ ಮಿಸ್ತ್ರಿ. ಉಳಿದಿಬ್ಬರಿಗೆ ಬೆತ್ತದ ಎರಡು ಮೋಡಾ, ಬೆನ್ನಿಲ್ಲದ ಹಗುರ ಸ್ಟೂಲು. ಉಣ್ಣುವ ಹೊತ್ತಿಗೆ ಅವನ್ನು ಎತ್ತಿ ಮೂಲೆಗಿಡಬಹುದು. ಐದು ಮಂದಿ ಇದ್ದಾರೆಂದು ಐದು ಸೋಫಾ ಸೀಟು ಬೇಕಿಲ್ಲ. ಮಾಸ್ತರ ಉದ್ದದ ವಿಷಯದಲ್ಲಿ ಸೋತ. ಆದರೆ ಕೂರುವ ಜಾಗ ಮಾತ್ರ ಇಪ್ಪತ್ಮೂರು ಇಂಚೇ ಇರಲಿ, ಅವ್ವ ಆರಾಮಾಗಿ ಒರಗಬೇಕು ಎಂದು ಹಟ ಹಿಡಿದ.

ಮಿಸ್ತ್ರಿ ವಾದಕ್ಕೆ ಇಳಿಯಲಿಲ್ಲ. ಹಿತ್ತಲಿನ ಇಟ್ಟಿಗೆ ತರಿಸಿ ಎರಡು ಸಾಲು ಪೇರಿಸಿದ, ಮೇಲೆ ಅಗಲವಾದ ಹಲಿಗೆಯೊಂದನ್ನು ಗೋಡೆಗೆ ತಾಗಿಸಿಟ್ಟು, ಇಪ್ಪತ್ಮೂರು ಇಂಚಿಗೆ ಸರಿಮಾಡಿ ಮೂಕಮ್ಮನನ್ನು ಕರೆದ. ಅವಳು ಗೋಡೆಗೆ ಬೆನ್ನು ಕೊಟ್ಟು ಕೂತಳು. ಅಂಚು ಮೊಣಕಾಲನ್ನು ದಾಟಿತು, ಎರಡೂ ಕಾಲು ಎಳೆಯ ಮಗುವಿನ ಕಾಲಿನಂತೆ ಮುಂದಕ್ಕೆ ಚಾಚಿ ನಿಂತವು. ಮುಂದೆ ಸರಿದಳು. ಬೆನ್ನಿಗೆ ಆಸರೆ ತಪ್ಪಿತು, ಹಲಿಗೆಯ ಅಂಚು ತೊಡೆಗೆ ಒತ್ತಿತು, ಕಾಲು ಜೋತಾಡಿದವು. ಮುಖ ಹಿಂಡಿ ಕೆಳಗಿಳಿಯಲು ಹೊರಟಳು.

“ನೋಡ್ರಿ,” ಎಂದ ಹಂಪಯ್ಯ ಮಿಸ್ತ್ರಿಯ ಕಡೆ ತಿರುಗಿ. “ಇಳದೇ ಇಳಿತಾಳ. ಆ ಗೌಡನ ಅಂಜಿಕಿ ಇನ್ನಾ ಹೋಗಿಲ್ಲ.”

ಮೂಕಮ್ಮ ಮಗನ ಮುಖವನ್ನೇ ನೋಡಿದಳು. ಅವನು ಇಷ್ಟು ವರ್ಷ ಇದನ್ನು ಎದೆಯಲ್ಲಿ ಹೊತ್ತು ತಿರುಗುತ್ತಿದ್ದಾನೆಂದು ಅವಳಿಗೆ ಗೊತ್ತೇ ಇರಲಿಲ್ಲ.

“ಯಾವ ಗೌಡನೋ ಯಪ್ಪಾ? ಅಂಜಿಕಿ ಅವನ ಕೂಡ ಮಣ್ಣಾತು. ನನ್ನ ಕಾಲು ನೆಲಕ್ಕ ಮುಟ್ಟಂಗಿಲ್ಲ, ಜೋಮು ಹಿಡಿತಾವ. ಅದಕ್ಕ ಇಳಿತೀನಿ.”

“ಮತ್ತ ಒಂದಿನಾನೂ ಹೇಳಲಿಲ್ಲಲ್ಲ ಯವ್ವಾ?”

“ನೀ ಎಲ್ಲಿ ಕೇಳಿದಿ?”

ಮಿಸ್ತ್ರಿ ತಲೆ ಬಗ್ಗಿಸಿ ಒಂದು ವರಸೆ ಇಟ್ಟಿಗೆ ತೆಗೆದ. ಮಹಾಂತಮ್ಮನಿಗೆ ಕೌದಿ ತರಲು ಹೇಳಿ, ಮಡಿಚಿದ ಕೌದಿಗಳನ್ನು ಒಂದೊಂದಾಗಿ ಅತ್ತೆಯ ಬೆನ್ನ ಹಿಂದೆ ಇಡಿಸಿದ. ನಾಲ್ಕನೆಯ ಕೌದಿಗೆ ಮೂಕಮ್ಮನ ಎರಡೂ ಪಾದ ನೆಲದ ಮೇಲೆ ಪೂರ್ತಿ ಊರಿದವು. ಹಲಿಗೆಯ ಅಂಚಿಗೂ ಮೊಣಕಾಲಿನ ಹಿಂಬದಿಗೂ ನಡುವೆ ಎರಡು ಬೆರಳು ಆಡುತ್ತವೆಯೇ ಎಂದು ಸೊಸೆಯಿಂದಲೇ ನೋಡಿಸಿದ. ಆಡಿದವು. ಬೆನ್ನಿನಿಂದ ಅಂಚಿಗೆ ಟೇಪು ಹಿಡಿದಾಗ ಹದಿನೈದು ಇಂಚು ಬಂತು. ಉದ್ದ ಕಾಲಿನ ಮಾಸ್ತರನಿಗೆ ಹದಿನೈದು ಕಡಿಮೆ, ಅವನು ಅಂಚಿನಲ್ಲಿ ಕೋಳಿಯಂತೆ ಕೂರಬೇಕಾದೀತು. ಹಾಗಾಗಿ ಕೂರುವ ಜಾಗ ಹದಿನೆಂಟು, ಅವ್ವನ ಬೆನ್ನಿಗೆ ಮೂರಿಂಚಿನ ಗಟ್ಟಿ ದಿಂಬೊಂದು ಬೇರೆ, ನೆಲದಿಂದ ಎತ್ತರ, ಫೋಮು ಕುಗ್ಗಿದ ಮೇಲೆ, ಹದಿನಾಲ್ಕು ಎಂದು ತೀರ್ಮಾನವಾಯಿತು. ಮಿಸ್ತ್ರಿ ಮಾಸ್ತರನ ಹಳೆಯ ಚೀಟಿ ಇಸಿದುಕೊಂಡು ಅದರ ಹಿಂಬದಿಗೇ ಹೊಸ ಅಳತೆ ಬರೆದುಕೊಂಡ.

ಹಂಪಯ್ಯ ಆವತ್ತು ಸರಿಯಾಗಿ ಉಣ್ಣಲಿಲ್ಲ. ಅವ್ವ ಹೇಳಿದ್ದನ್ನು ಅವನು ಅರ್ಧ ನಂಬಿದ. ತನಗೆ ನೋವಾಗದಿರಲೆಂದು ಕಾಲಿನ ನೆಪ ಹೇಳಿದಳೇನೋ ಎಂಬ ಅನುಮಾನ ಇನ್ನರ್ಧ.

ತಿಂಗಳೊಪ್ಪತ್ತಿಗೆ ಸಾಗವಾನಿ ಸೋಫಾ ಬಂತು, ಕಂದು ರೆಕ್ಸಿನ್ನು ಹೊದ್ದು. ಮೂಕಮ್ಮ ದಿಂಬಿಗೆ ಒರಗಿ, ಪಾದ ಊರಿ ಕೂತಳು. ಐದು ನಿಮಿಷವಾಯಿತು, ಹತ್ತಾಯಿತು, ಇಳಿಯಲಿಲ್ಲ. ಮೊಮ್ಮಗಳು ಒಂದು ಕಡೆ, ಹಂಪಯ್ಯ ಒಂದು ಕಡೆ, ನಡುವೆ ಅವಳು. ಮೊಮ್ಮಗ ಮೋಡಾದ ಮೇಲೆ, ಮಹಾಂತಮ್ಮ ಇನ್ನೊಂದರ ಮೇಲೆ ಕೂತು ಗಂಡನ ಮುಖದ ಸಂತೋಷ ನೋಡಿ ನಗುತ್ತಿದ್ದಳು.

ಅಷ್ಟರಲ್ಲಿ ಮನೆಯ ಮಾಲಕ ಕನಕರಾಯ ಬಾಗಿಲಲ್ಲಿ ನಿಂತ. ಹೆಗಲ ಮೇಲೆ ಜರಿ ಶಲ್ಯ, ಗಂಟಲಲ್ಲಿ ದೊಡ್ಡ ಕೆಮ್ಮು. ಹಂಪಯ್ಯ ದಿಗ್ಗನೆ ಎದ್ದು ನಿಂತ. ಬೆನ್ನು ತಾನಾಗಿ ಬಾಗಿತು, ಕೈ ತಾವಾಗಿ ಎದೆಯ ಮುಂದೆ ಕೂಡಿದವು. ಈಗ ಅವ್ವನೂ ಎದ್ದು ಮೂಲೆಗೆ ಸರಿಯುತ್ತಾಳೆ ಎಂದು ಹೆದರಿ ತಿರುಗಿ ನೋಡಿದ.

ಮೂಕಮ್ಮ ಕೂತೇ ಇದ್ದಳು. “ಬರ್ರಿ, ಒಳಗ ಬರ್ರಿ,” ಎಂದು ಮೋಡಾ ತೋರಿಸಿದಳು. ಮೊಮ್ಮಗ ಮೋಡಾ ಬಿಟ್ಟು ಸೋಫಾದಲ್ಲಿ ಮೊಮ್ಮಗಳ ಮಗ್ಗುಲಿಗೆ ತೂರಿಕೊಂಡ, ಕನಕರಾಯ ಬಂದು ಅದರ ಮೇಲೆ ಕೂತ. ಮನೆಯಲ್ಲಿ ನಿಂತು ಉಳಿದವನು ಹಂಪಯ್ಯ ಒಬ್ಬನೇ. ಅವ್ವನ ಮೈಯಲ್ಲಿ ಇಷ್ಟು ವರ್ಷ ಹುಡುಕಿದ್ದ ಅಂಜಿಕೆ ಯಾರ ಬೆನ್ನಲ್ಲಿದೆ ಎಂದು ಅವನಿಗೆ ಆಗ ಗೊತ್ತಾಯಿತು. ಅವಳಿಗೂ ಗೊತ್ತಾಯಿತು. ಅವಳು ಅವನ ಅಂಗಿಯ ತುದಿ ಹಿಡಿದು ಮೆಲ್ಲಗೆ ಎಳೆದಳು.

“ಕುಂದ್ರೋ ಮಗಾ,” ಎಂದಳು. “ನಿನ್ನ ಕಾಲು ನೆಲಕ್ಕ ಮುಟ್ತಾವಲ್ಲ.”