ತೊಂಬತ್ತು ಟೈಲ್ಸ್

ಆಫೀಸಿನಲ್ಲಿ ಎಲ್ಲರೂ ಅವಳನ್ನು ಶೀಟಕ್ಕ ಅನ್ನುತ್ತಿದ್ದರು. ಮನೆ ಮಾರಿಸಿಕೊಡುವ ಆ ದಲ್ಲಾಳಿ ಆಫೀಸಿನ ಕೌಂಟರಿನ ಮೇಲೆ ಸದಾ ಒಂದು ಕಟ್ಟು ದರದ ಹಾಳೆ, ಅಂದರೆ ರೇಟ್ ಶೀಟು, ಇರುತ್ತಿತ್ತು. ಎಡಗಡೆ ಬಡಾವಣೆ, ಆಮೇಲೆ ಪ್ರಾಜೆಕ್ಟಿನ ಹೆಸರು, ವಿಸ್ತೀರ್ಣ, ಒಟ್ಟು ಬೆಲೆ, ಕೊನೆಗೆ ದಪ್ಪ ಅಕ್ಷರದಲ್ಲಿ ಚದರಡಿಗೆ ಎಷ್ಟು ಎಂಬ ಅಂಕಿ. ನಾಲ್ಕು ವರ್ಷದಿಂದ ತಿಂಗಳಿಗೊಮ್ಮೆ ಅದನ್ನು ಹೊಸದಾಗಿ ಮಾಡುತ್ತಿದ್ದವಳು ಅವಳೇ. ಬಂದವರು ಕೊನೆಯ ಕಾಲಮ್ಮಿನ ಮೇಲೆ ಬೆರಳನ್ನು ಮೇಲಿಂದ ಕೆಳಗೆ ಓಡಿಸಿ, ಮೂರು ಕಡೆ ಗುರುತು ಹಾಕಿಕೊಂಡು, ಆ ಮೂರನ್ನು ಮಾತ್ರ ನೋಡಲು ಹೊರಡುತ್ತಿದ್ದರು. ಅಷ್ಟರಲ್ಲಿ ಅರ್ಧ ವ್ಯಾಪಾರ ಮುಗಿದ ಹಾಗೆಯೇ.

ಹಾಳೆಯಲ್ಲಿ ಒಂದು ಸಾಲಿಗೆ ಹಸಿರು ಬಣ್ಣ. ಕೆರೆಯಂಚಿನ ಪ್ರಾಜೆಕ್ಟು. ಆ ಬಿಲ್ಡರು ಆಫೀಸಿನ ಯಜಮಾನರಿಗೆ ಕೊಡುತ್ತಿದ್ದ ಕಮಿಷನ್ ಉಳಿದವರ ಎರಡರಷ್ಟು. ಬೇರೆ ಸಾಲುಗಳಲ್ಲೆಲ್ಲ ಗೋಡೆಗಳ ಒಳಗೆ ಕಾಲಿಡಲು ಸಿಗುವ ನೆಲ, ಅಂದರೆ ಕಾರ್ಪೆಟ್ ಏರಿಯಾ. ಹಸಿರು ಸಾಲಿನಲ್ಲಿ ಮಾತ್ರ ಸೂಪರ್ ಬಿಲ್ಟಪ್, ಅಂದರೆ ಲಿಫ್ಟು, ಮೆಟ್ಟಿಲು, ಲಾಬಿ, ವರಾಂಡಗಳ ಪಾಲನ್ನೂ ಸೇರಿಸಿ ಉಬ್ಬಿಸಿದ ಲೆಕ್ಕ. ಭಾಗಿಸುವ ಅಂಕಿ ದೊಡ್ಡದಾದರೆ ದರ ತಾನೇ ಇಳಿಯುತ್ತದೆ. ಮೊದಲ ವರ್ಷ ಅವಳು ಕೇಳಿದ್ದಳು, "ಸಾರ್, ಇದೊಂದನ್ನ ಬೇರೆ ಅಳತೇಲಿ ಹಾಕಿದ್ರೆ ಹೋಲಿಕೆ ಹೇಗೆ ಆಗತ್ತೆ?"

"ಬಿಲ್ಡರ್ ಕೊಟ್ಟಿದ್ದನ್ನ ನಾವು ಹಾಕ್ತೀವಮ್ಮ. ಕೆಳಗಡೆ ಸಣ್ಣದಾಗಿ ಬರೆದುಬಿಡು. ಓದೋರು ಓದ್ಕೋತಾರೆ."

ಅವಳು ಬರೆದಳು. 'ಅಳತೆಗಳು ಬಿಲ್ಡರ್ ನೀಡಿದಂತೆ.' ಓದಿದವರು ಇದುವರೆಗೆ ಒಬ್ಬರೂ ಇರಲಿಲ್ಲ.

ಅವಳ ಭಾವ ಟೈಲ್ಸ್ ಮೇಸ್ತ್ರಿ. ಎರಡು ವರ್ಷದ ಹಿಂದೆ ಸಾರುವೆಯಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಹೋಗಿತ್ತು. ಅಕ್ಕ ಆಸ್ಪತ್ರೆಯಲ್ಲಿ ನರ್ಸು. ಲಿಫ್ಟಿಲ್ಲದ ಮೂರನೇ ಮಹಡಿಯ ಬಾಡಿಗೆ ಮನೆಯಿಂದ ಭಾವನನ್ನು ಚಿಕಿತ್ಸೆಗೆ ಇಳಿಸಬೇಕಾದರೆ ಪ್ರತಿಸಲವೂ ಇಬ್ಬರು ಆಳು ಬೇಕು. ಪರಿಹಾರದ ದುಡ್ಡು ಕೈಗೆ ಬಂದ ದಿನವೇ ಅಕ್ಕ ಹೇಳಿದ್ದಳು, "ಲಿಫ್ಟಿರೋ ಮನೆ. ಇವರು ಯಾರ ಕೈ ಕಾಯದೆ ಬಚ್ಚಲಿಗೆ ಹೋಗಿ ಬರೋ ಹಾಗಿರಬೇಕು. ಇನ್ನೇನೂ ಬೇಡ."

ಆಸ್ಪತ್ರೆ ಪಕ್ಕದ ಬಡಾವಣೆಯಲ್ಲೇ ನೋಡೋಣ ಎಂದು ಅಕ್ಕತಂಗಿಯರು ಮಾತಾಡಿಕೊಂಡಿದ್ದರು. ಆದರೆ ಅಕ್ಕನಿಗೆ ರಜೆ ಸಿಕ್ಕಿದ್ದು ಒಂದು ಬುಧವಾರ. ಅವತ್ತು ಶೀಟಕ್ಕನ ಮಗಳಿಗೆ ಜ್ವರ, ಅವಳು ಆಫೀಸಿಗೆ ಹೋಗಿರಲಿಲ್ಲ. ಮಧ್ಯಾಹ್ನ ಫೋನು ಬಂತು.

"ಲೇ, ನಿಮ್ಮಾಫೀಸಿಗೇ ಬಂದಿದೀನಿ. ಶೀಟು ಕೈಲಿದೆ. ಸರಿಯಾಗಿದೆ ತಾನೇ?"

ಮಗುವಿನ ಕಂಕುಳಲ್ಲಿ ಥರ್ಮಾಮೀಟರು ಇಟ್ಟುಕೊಂಡು, ನೂರಮೂರು ದಾಟುತ್ತಿರುವುದನ್ನು ನೋಡುತ್ತ ಅವಳು ಅಂದಳು, "ನಾನೇ ಮಾಡಿರೋದು ಕಣೇ. ಕಣ್ಣು ಮುಚ್ಕೊಂಡು ನಂಬು."

ಅಕ್ಕ ಕಣ್ಣು ಮುಚ್ಚಿಕೊಂಡೇ ನಂಬಿದಳು. ಆಸ್ಪತ್ರೆ ಪಕ್ಕದ್ದು ಎಂಟುನೂರ ಐವತ್ತು ಚದರಡಿ, ಅರವತ್ತೆರಡು ಲಕ್ಷ ತೊಂಬತ್ತು ಸಾವಿರ, ಚದರಡಿಗೆ ಏಳು ಸಾವಿರದ ನಾನೂರು. ಕೆರೆಯಂಚಿನದು ಸಾವಿರದ ಇನ್ನೂರು ಚದರಡಿ, ಅರವತ್ತೆರಡು ಲಕ್ಷ ನಲವತ್ತು ಸಾವಿರ, ಚದರಡಿಗೆ ಐದು ಸಾವಿರದ ಇನ್ನೂರು. ಹೆಚ್ಚುಕಮ್ಮಿ ಅದೇ ದುಡ್ಡಿಗೆ ಮುನ್ನೂರೈವತ್ತು ಚದರಡಿ ಜಾಸ್ತಿ! ಗಾಲಿಕುರ್ಚಿ ಓಡಾಡಲು ಜಾಗ ಬೇಕಲ್ಲ. ಬಣ್ಣ ಬಳಿಯುತ್ತಿದ್ದ ಕಾರಣ ಮಾದರಿ ಫ್ಲಾಟು ತೋರಿಸಲಾಗುವುದಿಲ್ಲ ಎಂದು ಆಫೀಸಿನವರು ಅಂದರು, ಅಕ್ಕ ಅದಕ್ಕೂ ಹೂಂ ಅಂದಳು. ತಂಗಿಗೆ ಖುಷಿಯ ಸುದ್ದಿ ಒಟ್ಟಿಗೇ ಹೇಳೋಣವೆಂದು ಹತ್ತು ಪರ್ಸೆಂಟ್ ಕಟ್ಟಿ, ಅಗ್ರಿಮೆಂಟಿಗೆ ಸಹಿ ಹಾಕಿದ ಮೇಲೆ ಭಾನುವಾರ ಫ್ಲಾಟು ನೋಡಲು ಕರೆದಳು.

ಅಕ್ಕ ಕೆರೆಯಂಚು ಅಂದ ಕೂಡಲೇ ಶೀಟಕ್ಕನ ಕಣ್ಣ ಮುಂದೆ ಹಸಿರು ಸಾಲು ಬಂತು. ಆಸ್ಪತ್ರೆ ಪಕ್ಕದ ಆ ಫ್ಲಾಟು ಶುಕ್ರವಾರವೇ ಮಾರಾಟವಾಗಿತ್ತು, ಅದನ್ನು ಹಾಳೆಯಿಂದ ತೆಗೆದವಳೂ ಅವಳೇ. ಅಕ್ಕ ಭಾವನ ಜೊತೆ ಅವಳೂ ಆಟೋ ಹತ್ತಿದಳು.

ಲಿಫ್ಟು ದೊಡ್ಡದಾಗಿತ್ತು, ಲಾಬಿ ಅದಕ್ಕಿಂತ ದೊಡ್ಡದಾಗಿತ್ತು. ಭಾವ ಕುರ್ಚಿಯನ್ನು ಒಂದು ಸುತ್ತು ತಿರುಗಿಸಿ, "ನೋಡ್ರೇ, ಇಲ್ಲೇ ನನಗೊಂದು ಟ್ರಾಫಿಕ್ ಪೊಲೀಸ್ ಬೇಕಾಗತ್ತೆ" ಎಂದು ನಕ್ಕ. ಬಾಗಿಲು ತೆಗೆದು ಒಳಗೆ ಹೋದ ಮೇಲೆ ನಗು ಸಣ್ಣಗಾಯಿತು. ಅವನು ಗೋಡೆ ನೋಡಲಿಲ್ಲ, ನೆಲ ನೋಡಿದ. ತುಟಿ ಅಲ್ಲಾಡುತ್ತಿತ್ತು.

"ಏನ್ರೀ ಅದು, ಜಪ?" ಅಕ್ಕ ಕೇಳಿದಳು.

"ಎರಡಡಿ ಟೈಲ್ಸು. ಒಂದಕ್ಕೆ ನಾಲ್ಕು ಚದರಡಿ. ಸಾವಿರದ ಇನ್ನೂರಕ್ಕೆ ಮುನ್ನೂರು ಇರಬೇಕು." ಹಾಲ್, ಎರಡು ರೂಮು, ಅಡುಗೆಮನೆ ಸುತ್ತಿ ಬಂದು ಅವನು ಕುರ್ಚಿ ನಿಲ್ಲಿಸಿದ. "ಬಚ್ಚಲು, ಒಳಗೋಡೆ ದಪ್ಪ ಎಲ್ಲಾ ಸೇರ್ಸಿದೆ. ಇನ್ನೂರ ಹತ್ತು ದಾಟಲ್ಲ. ಇನ್ನು ತೊಂಬತ್ತು ಎಲ್ಲಿ ಹೋದ್ವು?"

"ಸರಿಯಾಗಿ ಎಣಿಸ್ರೀ."

"ಇಪ್ಪತ್ತು ವರ್ಷ ಮಂಡಿ ಊರಿ ಎಣಿಸಿದೀನಿ. ಎಂಟುನೂರ ನಲವತ್ತು ಚದರಡಿ ಕಣೇ ಇದು."

ಶೀಟಕ್ಕನ ತಲೆಯೊಳಗೆ ಭಾಗಾಕಾರ ತಾನಾಗಿಯೇ ನಡೆಯಿತು. ಚದರಡಿಗೆ ಏಳು ಸಾವಿರದ ನಾನೂರ ಇಪ್ಪತ್ತೆಂಟು. ಆಸ್ಪತ್ರೆ ಪಕ್ಕದ್ದಕ್ಕಿಂತ ಹತ್ತಡಿ ಚಿಕ್ಕದು, ದರ ಜಾಸ್ತಿ, ದೂರ ಒಂದೂವರೆ ಗಂಟೆ.

ಭಾವ ಕುರ್ಚಿಯನ್ನು ಬಚ್ಚಲ ಕಡೆ ತಳ್ಳಿದ. ಎರಡೂ ಗಾಲಿ ಚೌಕಟ್ಟಿಗೆ ಬಡಿದು ನಿಂತವು. ಹಿಂದೆ ಬಂದು ಓರೆಯಾಗಿ ಇನ್ನೊಮ್ಮೆ ತಳ್ಳಿದ. ಕುರ್ಚಿ ಇಪ್ಪತ್ತೈದು ಅಂಗುಲ, ಬಾಗಿಲು ಇಪ್ಪತ್ತಮೂರು. ಬೆರಳ ಗೆಣ್ಣಿನಿಂದ ಗೋಡೆ ತಟ್ಟಿ ಕಿವಿಗೊಟ್ಟ. "ಇಟ್ಟಿಗೆ ಅಲ್ಲ, ಪೂರಾ ಕಾಂಕ್ರೀಟು. ಕಟ್ಟಡದ ಭಾರ ಹೊತ್ತಿರೋ ಗೋಡೆ. ಒಡೆಯೋ ಹಾಗಿಲ್ಲ."

"ವಾಪಸ್ ಕೊಡೋಣ," ಅಕ್ಕ ಅಂದಳು. ಅಂದ ಮೇಲೆ ಆಗದೆಂದು ತಾನೇ ತಲೆಯಾಡಿಸಿದಳು. ಕರಾರು ಮುರಿದರೆ ಕಟ್ಟಿದ ಹತ್ತು ಪರ್ಸೆಂಟ್ ಹೋಯಿತು. ಆರು ಲಕ್ಷ ಇಪ್ಪತ್ತನಾಲ್ಕು ಸಾವಿರ. ಅದು ಹೋದರೆ ಯಾವ ಸಾಲಿನ ಮನೆಯೂ ಅವರ ಕೈಗೆ ಎಟುಕುವುದಿಲ್ಲ.

ಅಕ್ಕ ಬ್ಯಾಗಿನಿಂದ ಹಾಳೆ ತೆಗೆದಳು. ನಾಲ್ಕು ಮಡಿಕೆ ಮಾಡಿ ಜೋಪಾನವಾಗಿ ಇಟ್ಟುಕೊಂಡಿದ್ದಳು. ಹಸಿರು ಸಾಲಿನ ಸುತ್ತ ಪೆನ್ನಿನಲ್ಲಿ ಒಂದು ಸುತ್ತು ಹಾಕಿತ್ತು.

"ಸಾವಿರದ ಇನ್ನೂರು ಅಂತ ಇದೆಯಲ್ಲೇ ಇಲ್ಲಿ. ನಿನಗೂ ಅವರು ಸುಳ್ಳು ಅಂಕಿ ಕೊಟ್ಟಿದ್ರಾ?"

ಹೌದು ಅಂದಿದ್ದರೆ ಮುಗಿಯುತ್ತಿತ್ತು. ಅಕ್ಕ ನಂಬುತ್ತಿದ್ದಳು. ಯಜಮಾನರನ್ನು ಬೈಯುತ್ತ ಮೂವರೂ ಒಟ್ಟಿಗೆ ಕೆಳಗಿಳಿಯಬಹುದಿತ್ತು.

"ಇಲ್ಲ," ಅಂದಳು ಶೀಟಕ್ಕ. "ಅದೊಂದು ಸಾಲು ಬೇರೆ ಅಳತೆ. ಹೊರಗಿನ ಲಾಬಿ, ಲಿಫ್ಟು ಎಲ್ಲಾ ಸೇರಿಸಿರೋದು."

"ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಯಾವಾಗಿಂದ?"

"ನಾಲ್ಕು ವರ್ಷದಿಂದ."

ಅಕ್ಕ ಹಾಳೆಯನ್ನು ಮತ್ತೆ ಅದೇ ಮಡಿಕೆಗಳ ಮೇಲೆ ಮಡಿಸಿದಳು. ಬೈಯಲಿಲ್ಲ. ಬೈದಿದ್ದರೆ ಶೀಟಕ್ಕ ಕಾಲು ಹಿಡಿಯಬಹುದಿತ್ತು. ಭಾವ ಇಬ್ಬರ ಮುಖವನ್ನೂ ನೋಡಿ, "ಆ ತೊಂಬತ್ತು ಟೈಲ್ಸ್ ಲಿಫ್ಟ್ ಮುಂದೆ ಇದಾವೆ ಅನ್ನಿ. ಅಲ್ಲೇ ಒಂದು ಬಕೆಟ್ ಇಡಿ, ಸ್ನಾನ ಮುಗಿಸ್ಕೋತೀನಿ" ಅಂದ. ಆಮೇಲೆ ದನಿ ತಗ್ಗಿಸಿ ಹೆಂಡತಿಗೆ ಹೇಳಿದ, "ನನಗೆ ಈಗ ಬಚ್ಚಲಿಗೆ ಹೋಗಬೇಕು ಕಣೆ. ದಾರೀಲೇ ಹೇಳ್ಬೇಕಾಗಿತ್ತು."

ಅಕ್ಕ ಬ್ಯಾಗನ್ನು ನೆಲದ ಮೇಲಿಟ್ಟು, ಗಂಡನ ಹಿಂದೆ ಹೋಗಿ ಕಂಕುಳ ಕೆಳಗೆ ಕೈ ಕೊಟ್ಟಳು. ತಂಗಿಯ ಮುಖ ನೋಡದೆ ಅಂದಳು, "ಕಾಲು ಹಿಡ್ಕೊ."

ಅವಳು ಹಿಡಿದುಕೊಂಡಳು. ಬಾಗಿಲಲ್ಲಿ ಇಬ್ಬರೂ ಓರೆಯಾದರು. ಅವಳ ಮುಂಗೈ ಚೌಕಟ್ಟಿಗೆ ತರಚಿ ಚರ್ಮ ಸುಲಿಯಿತು. ಭಾವ ಕಣ್ಣು ಮುಚ್ಚಿಕೊಂಡಿದ್ದ. ಹೊರಗೆ ಖಾಲಿ ಕುರ್ಚಿ, ಬ್ರೇಕು ಹಾಕಿರಲಿಲ್ಲವಾದ್ದರಿಂದ, ಹೊಸ ನೆಲದ ಮೇಲೆ ನಿಧಾನಕ್ಕೆ ಹಿಂದಕ್ಕೆ ಉರುಳಿ ಎದುರು ಗೋಡೆಗೆ ತಾಗಿ ನಿಂತಿತು. ಅದಕ್ಕೆ ಹೆಚ್ಚು ದೂರ ಹೋಗಬೇಕಾಗಲಿಲ್ಲ.