ಕುಂಕುಮದಡಿಯ ಇಸವಿ

ಬ್ರಹ್ಮಾವರದ ಹಳೆಯ ಸಾಹುಕಾರರೊಬ್ಬರು ತೀರಿಕೊಂಡಾಗ ಅವರ ಮಗ ಹದಿಮೂರನೆಯ ದಿನದ ದಾನಕ್ಕೆ ಛತ್ರಿ, ಚಪ್ಪಲಿ, ಹಾಸಿಗೆಯ ಜೊತೆಗೆ ತೂತೂರಿಯ ಗ್ರಾಮಫೋನನ್ನೂ ಇಟ್ಟ. ಸಾಲಿಗ್ರಾಮದ ಪುರೋಹಿತ ವೈಕುಂಠ ಭಟ್ಟನ ಪಾಲಿಗೆ ಬಂದದ್ದು ಅದು. ಜೊತೆಗೆ ಹನ್ನೊಂದು ರೆಕಾರ್ಡು. ಹತ್ತನ್ನು ಮನೆಯವರು ಕೇಳಿ ಮರೆತರು. ಹನ್ನೊಂದನೆಯದರ ಲೇಬಲ್ಲಿನಲ್ಲಿ ‘ಮಿಸ್ ಪಂಕಜಾ’ ಎಂದಿತ್ತು. ಅದನ್ನು ವೈಕುಂಠ ದೇವರ ಕೋಣೆಯಲ್ಲಿಟ್ಟು ಲೇಬಲ್ಲಿನ ಮೇಲೆ ಗಂಧ ತೇದು ಬಳಿದು, ದೊಡ್ಡದಾಗಿ ಕುಂಕುಮ ಹಚ್ಚಿದ.

ಅವನ ತಾಯಿಯ ಹೆಸರು ಪಂಕಜಾಕ್ಷಿ. ಸಾವಿರದ ಒಂಬೈನೂರ ಹದಿನೆಂಟನೆಯ ಇಸವಿಯ ಮಳೆಗಾಲದಲ್ಲಿ, ಅವನಿಗೆ ಏಳು ವರ್ಷವಾಗಿದ್ದಾಗ, ಸೀತಾ ಹೊಳೆಯಲ್ಲಿ ಹೋದಳು. ದಂಡೆಯಲ್ಲಿ ಸೀರೆ ಸಿಕ್ಕಿತು, ಹೆಣ ಸಿಗಲಿಲ್ಲ. ಅಪ್ಪ ದರ್ಭೆಯ ಬೊಂಬೆ ಮಾಡಿ ಸುಟ್ಟರು. ಅಂದಿನಿಂದ ವರ್ಷಕ್ಕೊಂದು ಶ್ರಾದ್ಧ. ಉಪನಯನವಾದ ಮೇಲೆ ಪಿಂಡ ಇಡುವವನು ವೈಕುಂಠನೇ. ಈ ಸಲದ ತಿಥಿಗೆ ಇನ್ನು ಮೂರೇ ದಿನವಿತ್ತು.

ಮನೆಯ ಪೆಟ್ಟಿಗೆಯಲ್ಲಿ ಹಾಕಿದರೆ ಆ ಹಾಡು ಗಂಡಸಿನ ದನಿಯಂತೆ ದಪ್ಪಗೆ ಎಳೆಯುತ್ತಿತ್ತು. ಧಾಟಿ ಮಾತ್ರ ತೊಟ್ಟಿಲು ತೂಗುವಾಗ ಅಮ್ಮ ಹಾಡುತ್ತಿದ್ದದ್ದೇ. ಅದು ಅಮ್ಮನೇ ಎಂದು ಯಾರಾದರೂ ಹೇಳಬೇಕಿತ್ತು, ಅವಳು ಹೋಗುವ ಮೊದಲಿನದೆಂದು ಗೊತ್ತಾಗಬೇಕಿತ್ತು. ವೈಕುಂಠ ಪೆಟ್ಟಿಗೆಯನ್ನೂ ರೆಕಾರ್ಡುಗಳನ್ನೂ ಗೋಣಿಯಲ್ಲಿ ಸುತ್ತಿ, ಯುದ್ಧಕಾಲದ ಇದ್ದಿಲಿನ ಬಸ್ಸಿನಲ್ಲಿ ಕುಂದಾಪುರಕ್ಕೆ ಹೊರಟ.

ಗಣಪಯ್ಯನ ಅಂಗಡಿ ಬಂದರಿಗೆ ಇಳಿಯುವ ದಾರಿಯಲ್ಲಿತ್ತು. ಗಡಿಯಾರ, ಗ್ರಾಮಫೋನು ಎರಡನ್ನೂ ಬಿಚ್ಚುವವನು.

“ಹ್ವಾಯ್ ಭಟ್ರೆ, ಎಂತ ಇದ್? ಸಂಭಾವನೆ ಅಂದೇಳಿ ಈಗ ತೂತೂರಿ ಕೊಡುಕೆ ಸುರು ಮಾಡಿದ್ರಾ?”

“ನಗಾಡ್ಬೇಡಿ ಮಾರಾಯ್ರೆ. ಇದ್ ಎಷ್ಟ್ ಹಳತ್ ಅಂದೇಳಿ ನೋಡಿ ಹೇಳಿ.”

ಗಣಪಯ್ಯ ತೂತೂರಿ ಕಳಚಿ, ಮುಳ್ಳು ಸಿಕ್ಕಿಸುವ ಸೌಂಡ್‌ಬಾಕ್ಸನ್ನು ಬೆಳಕಿಗೆ ಹಿಡಿದ. ಒಳಗೆ ಅಭ್ರಕದ ತೆಳು ಬಿಲ್ಲೆ. “ಪೆಟ್ಟಿಗೆ ಹಳತೇ. ತೂತೂರಿ ಹೊರ್ಗ್ ಇತ್ತ್, ಅಭ್ರಕ ಇತ್ತ್. ಆಚೆ ಹದಿನಾಲ್ಕ್ರ ಯುದ್ಧಕ್ಕಿಂತ ಮುಂಚಿಂದ್.” ಕುಂಕುಮದ್ದನ್ನು ಬದಿಗಿಟ್ಟು ಉಳಿದ ಹತ್ತು ರೆಕಾರ್ಡುಗಳನ್ನು ಒಂದೊಂದಾಗಿ ತಿರುವಿದ. “ಈ ಹತ್ತೂ ಹಳತ್. ಕಾಣಿ, ಲೇಬಲ್ಲಂಗೆ ರೆಕ್ಕೆ ಇಪ್ಪ ದೇವತೆ ಕೂತ್ಕಂಡ್ ಬರೀತಾ ಇತ್ತ್. ಹಿಂದ್ ಬದಿ ಬೋಳು, ಒಂದೇ ಬದಿ ಹಾಡು. ನಂತ್ರ ಎರಡೂ ಬದಿ ಬಂತ್, ಲೇಬಲ್ಲಿಗೆ ನಾಯಿ ಬಂತ್.”

ವೈಕುಂಠನ ಮುಖ ಅರಳಿತು. “ಸಾಹುಕಾರ್ರ ಹೆಂಡ್ತಿ ಹೋದ್ ಮೇಲೆ ಪೆಟ್ಟಿಗೆ ಮುಟ್ಟಿದ್ದೇ ಇಲ್ಯಂಬ್ರ್. ಹದಿನೇಳ್ರಲ್ಲಿ. ಅಂದ್ರೆ ಈ ಹನ್ನೊಂದೂ ಅದ್ಕಿಂತ ಮುಂಚಿಂದೇ ಅಲ್ದಾ?”

ಗಣಪಯ್ಯ ಪೆಟ್ಟಿಗೆಯ ಮೂಲೆಯ ಗುಳಿಯಿಂದ ಮುಳ್ಳಿನ ಡಬ್ಬಿ ತೆಗೆದು ಅಂಗೈಗೆ ಸುರಿದ. ತುಕ್ಕು ಹಿಡಿದ ಉಕ್ಕಿನ ಮುಳ್ಳುಗಳು, ಬಿದಿರಿನ ಮೂರುಮೂಲೆಯ ಮುಳ್ಳುಗಳೆರಡು. ಕೆಳಗೆ ಕೂದಲಿನಷ್ಟು ಸಪೂರದ ತಂತಿಯ ತುದಿಯಿರುವ ನಾಲ್ಕು ಮುಳ್ಳು.

“ಈ ತಂತಿ ಮುಳ್ಳ್ ಟಂಗ್‌ಸ್ಟನ್ ಲೋಹದ್ದ್ ಭಟ್ರೆ. ಒಂದ್ ಸಿಕ್ಸಿರೆ ಸುಮಾರ್ ಹಾಡ್ ಹಾಕ್ಲಕ್. ನಮ್ ಬದಿಗೆ ಬಂದದ್ ಇಪ್ಪತ್ತರ್ ನಂತ್ರ. ಹದಿನೇಳ್ರಲ್ಲಿ ಬಾಗ್ಲ್ ಹಾಕಿದ ಪೆಟ್ಟಿಗೆ ಒಳ್ಗೆ ಇದ್ ಹ್ಯಾಂಗ್ ಹೊಕ್ತ್? ಸಾಹುಕಾರ್ರ್ ಕದ್ದ್ ಕೇಂತಿದ್ರ್.”

“ಅವ್ರ್ ಎಂತಾದ್ರೂ ಮಾಡ್ಲಿ. ನೀವ್ ಈ ಹಾಡ್ ಹಾಕಿ.”

“ನೀವ್ ಯಾವ ಮುಳ್ಳಂಗೆ ಹಾಕ್ತಿದ್ರಿ?”

“ಇದ್ರಂಗೇ.” ವೈಕುಂಠ ತುಕ್ಕಿನದೊಂದನ್ನು ತೋರಿಸಿದ.

“ಅಯ್ಯೋ! ಉಕ್ಕಿನ್ ಮುಳ್ಳ್ ಒಂದ್ ಬದಿಗೆ ಒಂದೇ. ಉಂಡ ಎಲೆಯಂಗೆ ಮತ್ತೊಬ್ಬರಿಗೆ ಬಡಿಸ್ತ್ರಾ ನೀವ್?”

ಅವನು ಸೂಟ್‌ಕೇಸಿನಂಥ ತನ್ನ ಹೊಸ ಗ್ರಾಮಫೋನಿನ ಪೆಟ್ಟಿಗೆ ತೆರೆದ. ಅದರ ಸೌಂಡ್‌ಬಾಕ್ಸಿನಲ್ಲಿ ಅಭ್ರಕದ ಬದಲು ತಗಡಿನ ಬಿಲ್ಲೆ. ಯುದ್ಧದಿಂದಾಗಿ ಸಿಗದಾಗಿದ್ದ ಹೊಸ ಉಕ್ಕಿನ ಮುಳ್ಳೊಂದನ್ನು ಹಿಂದೆಮುಂದೆ ನೋಡದೆ ಸಿಕ್ಕಿಸಿದ. ಕುಂಕುಮದ ರೆಕಾರ್ಡಿನಡಿಗೆ ಕಾಗದದ ತುಂಡೊಂದನ್ನು ಹೊರಚಾಚುವಂತಿಟ್ಟು, ಗಡಿಯಾರ ನೋಡುತ್ತ ಅದರ ಸುತ್ತುಗಳನ್ನೆಣಿಸಿದ. ನಿಮಿಷಕ್ಕೆ ಎಪ್ಪತ್ತೆಂಟು. “ನಿಮ್ ಪೆಟ್ಟಿಗೆ ಅರವತ್ತೈದೂ ತಿರ್ಗುದಿಲ್ಲೆ, ಸ್ಪ್ರಿಂಗ್ ಸತ್ತಿತ್. ಅದ್ಕೇ ಹೆಂಗ್ಸ್ ಗಂಡ್ಸಾದದ್.”

ಮುಳ್ಳಿಳಿಯಿತು. ತಂಬೂರಿ ಮೊದಲು ಕೇಳಿತು, ಆಮೇಲೆ ಹೆಂಗಸಿನ ದನಿ. ಎರಡನೆಯ ಸಾಲಿನಲ್ಲಿ ‘ಸ’ ಬಂದಲ್ಲಿ ಹಲ್ಲಿನ ಸಂದಿನಿಂದ ಸಣ್ಣ ಸಿಳ್ಳೆಯೊಂದು ನುಸುಳಿತು. ಮತ್ತೆ ಬಂತು. ಪ್ರತಿ ‘ಸ’ಕಾರಕ್ಕೂ ಬಂತು.

ವೈಕುಂಠ ಸ್ಟೂಲಿನ ಅಂಚನ್ನು ಹಿಡಿದ. ಅಮ್ಮನ ಎದುರು ಹಲ್ಲು ಅರ್ಧ ಮುರಿದಿತ್ತು. ‘ಸಕ್ಕರೆ’ ಎಂದು ಹೇಳು ಎಂದು ಅವನು ಪೀಡಿಸುತ್ತಿದ್ದ, ಅವಳು ಸಿಳ್ಳೆ ಸಹಿತ ಹೇಳಿ ನಗುತ್ತಿದ್ದಳು.

“ಅಮ್ಮನೇ,” ಎಂದ. “ಗಣಪಯ್ಯ, ಇದ್ ನನ್ನ ಅಮ್ಮನೇ. ಆ ಸಿಳ್ಳೆ ಕೇಂಡಿತಾ?”

ಹಾಡು ಮುಗಿದ ಮೇಲೆ ಗಣಪಯ್ಯ ತಟ್ಟೆ ನಿಲ್ಲಿಸಿದ.

“ನಿಮ್ ಅಮ್ಮ ಹೋದದ್ ಯಾವಾಗ?”

“ಹದಿನೆಂಟ್ರಲ್ಲಿ.”

“ಸರಿಯಾಗಿ ನೆನಪಿತ್ತಾ?”

“ತಾಯಿ ತಿಥಿ ಮರೀತ್ರಾ ಯಾರಾದ್ರೂ?”

ಗಣಪಯ್ಯ ಪಂಚೆಯ ತುದಿ ಒದ್ದೆ ಮಾಡಿ ಲೇಬಲ್ಲಿನ ಕುಂಕುಮವನ್ನು ಮೆಲ್ಲಗೆ ಒರೆಸಿದ. ವೈಕುಂಠ ಬೇಡವೆನ್ನಲು ಬಾಯಿ ತೆರೆದ, ಅಷ್ಟರಲ್ಲಿ ಅಡಿಯ ಸಾಲು ಕಂಡಿತು. ಸಣ್ಣ ಇಂಗ್ಲಿಷ್ ಅಕ್ಷರಗಳು, ಪಕ್ಕದಲ್ಲಿ ಎಪ್ಪತ್ತೆಂಟು.

“ವಿದ್ಯುತ್ತಂಗೆ ಮುದ್ರಿಸಿದ್ದ್ ಅಂದೇಳಿ ಬರ್ದಿರ್,” ಎಂದ ಗಣಪಯ್ಯ. “ಮುಂಚೆ ತೂತೂರಿ ಬಾಯಿಗೆ ಬೊಬ್ಬೆ ಹೊಡೂದ್, ಅದೇ ಅಚ್ಚಾಪ್ದ್. ಅದ್ರಗೆ ನಿಮ್ ಅಮ್ಮನ ಸಿಳ್ಳೆ ಸಿಕ್ಕುಕೆ ಇಲ್ಲೆ ಭಟ್ರೆ. ‘ಸ’ ಅಂಬ್ದೇ ಸಮಾ ಬತ್ತಿರ್ಲಿಲ್ಲೆ, ತಂಬೂರಿ ಅಂತೂ ದೂರ. ಮೈಕು ಬಂದ್ ಮೇಲೆ ಸಿಕ್ಕಿದ್ದ್. ನಮ್ ದೇಶಕ್ಕೆ ಅದ್ ಬಂದದ್ ಇಪ್ಪತ್ತಾರ್ ಇಪ್ಪತ್ತೇಳ್ರಲ್ಲಿ.”

ಗುರುತು ಹಿಡಿದದ್ದೇ ಆ ಸಿಳ್ಳೆಯಿಂದ. ಹಾಗಾದರೆ ಹೊಳೆಯಲ್ಲಿ ಹೋದವಳು ಒಂಬತ್ತು ವರ್ಷ ಕಳೆದು ಮೈಕಿನೆದುರು ಕೂತು ಹಾಡಿದ್ದಳು.

“ಈಗ್ಲೂ ಬದ್ಕಿದ್ದಳಾ?” ವೈಕುಂಠ ಕೇಳಿದ.

“ಅದನ್ನ ರೆಕಾರ್ಡ್ ಹೇಳುದಿಲ್ಲೆ.”

“ಹಳತ್ ಅಂದೇಳಿ ಹೇಳಿ ಗಣಪಯ್ಯ. ಹದಿನೇಳ್ರದ್ ಅನ್ನಿ. ನಾನ್ ಯಾರಿಗೂ ಹೇಳುದಿಲ್ಲೆ.”

“ನಾ ಹೇಳ್ತೆ. ನೀವ್ ನಂಬ್ತ್ರಾ?”

ಮನೆಯಲ್ಲಿ ಹೆಂಡತಿ ವನಮಾಲಾ ಎಲ್ಲವನ್ನೂ ಕೇಳಿ ಬಾಗಿಲು ಮುಚ್ಚಿದಳು. “ಬದ್ಕಿದ್ರೆ ಪಾಪ, ಸತ್ತಿದ್ರೆ ಪುಣ್ಯ, ಅದ್ ದೇವ್ರಿಗೆ ಗೊತ್ತ್. ತಿಥಿ ನಿಲ್ಸಿರೆ ಎಂತಕೆ ಅಂದೇಳಿ ಊರಿಡೀ ಕೇಣ್ತ್. ಮನೆ ಬಿಟ್ಟ್ ಹಾಡುಕೆ ಹೋದವ್ಳ ಮೊಮ್ಮಕ್ಳನ್ನ ಯಾರ್ ಮದ್ವಿ ಆತ್ರ್? ಎರಡ್ ಹೆಣ್ಣ್ ಇತ್ ನಮ್ಗೆ.”

ಎರಡು ದಿನ ವೈಕುಂಠ ಸರಿಯಾಗಿ ಉಣ್ಣಲಿಲ್ಲ. ಸತ್ತಿದ್ದರೆ ಪಿಂಡವಿಲ್ಲದೆ ಅವಳು ಹಸಿದಿರುತ್ತಾಳೆ. ಬದುಕಿದ್ದರೆ ಇಪ್ಪತ್ತೈದು ವರ್ಷ ಅವಳಿರುವಾಗಲೇ ಅವಳನ್ನು ಕೊಲ್ಲುತ್ತ ಬಂದಿದ್ದಾನೆ.

ತಿಥಿಯ ಬೆಳಿಗ್ಗೆ ಚಿಕ್ಕಪ್ಪ ಮಹಾಲಿಂಗ ಭಟ್ಟರು ಕ್ರಿಯೆ ಮಾಡಿಸಲು ಬಂದರು. ಹೊಳೆ ದಂಡೆಯಿಂದ ಸೀರೆ ತಂದವರು ಅವರೇ. ದರ್ಭೆ ಹಾಸಿದ್ದಾಯಿತು, ಎಳ್ಳು ಚೆಲ್ಲಿದ್ದಾಯಿತು.

“ಚಿಕ್ಕಪ್ಪಯ್ಯ, ಅಮ್ಮನ ಹಾಡ್ ಸಿಕ್ಕಿತ್. ರೆಕಾರ್ಡಂಗೆ. ಇಪ್ಪತ್ತೇಳ್ರ ಈಚೆಗಿಂದ್.”

ಮುದುಕ ತಲೆ ಎತ್ತಲಿಲ್ಲ. ಪವಿತ್ರದ ಗಂಟು ಬಿಗಿಯುತ್ತಿದ್ದ ಬೆರಳುಗಳು ಮಾತ್ರ ನಿಂತವು.

“ಸೀರೆಯನ್ನ ಅವ್ಳ ಪೆಟ್ಟಿಗೆಯಿಂದ ತೆಗ್ದ್ ಕೊಟ್ಟದ್ ನಿನ್ ಅಪ್ಪ. ದಂಡೆಯಂಗೆ ಇಟ್ಟದ್ ನಾನ್. ಹೊಳೀಗ್ ಹೋಯ್ಲ್ ಅಂದ್ರೆ ಮನೆ ಉಳೀತ್, ಹಾಡುಕೆ ಹೋಯ್ಲ್ ಅಂದ್ರೆ ಉಳೂದಿಲ್ಲೆ ಅಂದ.” ಪವಿತ್ರವನ್ನು ವೈಕುಂಠನ ಬೆರಳಿಗೆ ತೊಡಿಸುತ್ತ, “ನಾಲ್ಕ್ ವರ್ಷದ್ ಮೇಲೆ ಒಂದ್ ಸಲ ಬಂದಿತ್ ಅದ್, ನಿನ್ ಅಮ್ಮ. ನಿನ್ನ ಕಾಂಬುಕೆ. ನಿನ್ ಅಪ್ಪ ಬಾಗ್ಲಿಂದಲೇ ಕಳ್ಸಿದ. ಅವತ್ತ್ ನೀ ಇಲ್ಲೇ, ಈ ಜಾಗ್ದಲ್ಲೇ ಪಿಂಡ ಇಡ್ತಿದ್ದೆ.”

ಹೊಗೆ ಮಾಡಿಗೆ ಏರುತ್ತಿತ್ತು. ಅಡುಗೆಮನೆಯ ಬಾಗಿಲಲ್ಲಿ ವನಮಾಲಾ ಇಬ್ಬರು ಮಕ್ಕಳ ಭುಜ ಹಿಡಿದು ನಿಂತಿದ್ದಳು. ದೊಡ್ಡವಳು ಗೋಮತಿಗೆ ಹನ್ನೆರಡು.

“ಹೊತ್ತಾತ್ತ್,” ಎಂದರು ಮಹಾಲಿಂಗ ಭಟ್ಟರು. “ಗೋತ್ರ ಹೇಳು. ತಾಯಿ ಹೆಸ್ರ್ ಹೇಳು.”

ವೈಕುಂಠ ಗೋತ್ರ ಹೇಳಿದ. ಅಂಗೈಯ ಎಳ್ಳುನೀರು ಬೆರಳ ಸಂದಿಯಿಂದ ಜಿನುಗಿ ಖಾಲಿಯಾಯಿತು. ಚಿಕ್ಕಪ್ಪ ಇನ್ನೊಮ್ಮೆ ಸುರಿದರು. ಅವನು ಮಕ್ಕಳ ಕಡೆ ನೋಡಿದ. ಆಮೇಲೆ ಕಣ್ಣು ಮುಚ್ಚಿ ಸತ್ತವರ ಸಾಲಿನಲ್ಲಿ ತಾಯಿಯ ಹೆಸರನ್ನು ಹೇಳಿದ, ಒಳಗಿನವರಿಗೂ ಕೇಳುವಂತೆ, ಮೂರು ಸಲ.