ಮೂರುಸಾಲಿನ ಸಾರಾಂಶ

ಕಚೇರಿಯಲ್ಲಿ ಅವನಿಗೆ ‘ಮೂರುಸಾಲು’ ಎಂದೇ ಹೆಸರು. ಗೇಲಿಗೆ ಇಟ್ಟ ಹೆಸರದು, ಆದರೆ ಆ ಜಂಬದ ಕೋಳಿಗೆ ಬಿರುದಿನಂತೆ ಕೇಳಿಸುತ್ತಿತ್ತು. ಆಸ್ಪತ್ರೆಯ ಕತ್ತರಿ, ಬಟ್ಟೆಗಳನ್ನು ಹಬೆಯಲ್ಲಿ ಶುದ್ಧ ಮಾಡುವ ಯಂತ್ರಗಳ ಕಂಪನಿ ಅದು. ಯಂತ್ರ ಕೆಟ್ಟರೆ ಆಸ್ಪತ್ರೆಯವರು ಫೋನಿನಲ್ಲಿ ಕನ್ನಡದಲ್ಲಿ ಗೋಳು ಹೇಳಿಕೊಳ್ಳುತ್ತಿದ್ದರು. ಅದನ್ನು ಇಂಗ್ಲಿಷಿನಲ್ಲಿ ಚಿಕ್ಕದು ಮಾಡಿ, ವಿದೇಶದಲ್ಲಿರುವ ಡಿಸೈನ್ ಇಂಜಿನಿಯರಿಗೆ ಕಳಿಸುವುದು ಇವನ ಕೆಲಸ. ಆಕೆಗೆ ಕನ್ನಡದ ಗಂಧವಿಲ್ಲ. ಯಂತ್ರ ಓಡಬೇಕೋ ನಿಲ್ಲಬೇಕೋ ಎಂದು ಆಕೆ ತೀರ್ಮಾನಿಸುತ್ತಿದ್ದುದು ಇವನು ಬರೆದದ್ದನ್ನು ನೋಡಿ ಮಾತ್ರ.

ಕರೆ ಮಾಡುವವರೆಂದರೆ ಇವನಿಗೆ ಅಸಡ್ಡೆ. ಊರ ಸುದ್ದಿಯೆಲ್ಲ ಹೇಳ್ತಾರೆ, ಕಾಳು ಒಂದು, ಹೊಟ್ಟು ಹತ್ತು ಮೂಟೆ ಎನ್ನುತ್ತಿದ್ದ. ಅದಕ್ಕೇ ನಾಲ್ಕನೆಯ ನಿಮಿಷಕ್ಕೆ ಟೈಪು ಮಾಡಲು ಶುರು. ಅತ್ತಲಿಂದ ‘ಫೋನ್ ಇಡ್ಲಾ ಹಾಗಾದ್ರೆ’ ಎಂದು ಕೇಳಿಸಿತೋ, ಕಳಿಸುವ ಗುಂಡಿ ಒತ್ತಿಬಿಡುತ್ತಿದ್ದ. ನಮ್ಮ ಜನ ಎರಡು ಮೂರು ಸಲ ‘ಇಡ್ಲಾ’ ಅಂದ ಮೇಲೇ ನಿಜವಾದ ಮಾತು ಬಾಯಿಗೆ ತರುವುದು. ಇವನ ಅತ್ತೆಯೇ ವಾರಕ್ಕೊಮ್ಮೆ ಹೀಗೆ ಮಾಡುತ್ತಿದ್ದಳು. ಆದರೂ ಮಹಾಶಯನಿಗೆ ಬುದ್ಧಿ ಬರಲಿಲ್ಲ.

ಒಂದು ಶುಕ್ರವಾರ ಹಬೆ ಯಂತ್ರದ ಆಪರೇಟರ್ ಹೆಂಗಸೊಬ್ಬಳು ಕರೆ ಮಾಡಿದಳು.

“ಅಣ್ಣಾ, ಬಾಗಿಲ ಸುತ್ತಲಿನ ರಬ್ಬರು ಸವೆದೋಗಿದೆ. ಸ್ವಲ್ಪ ಹಬೆ ಸೋರ್ತಿದೆ, ಬಟ್ಟೆ ಒದ್ದೆ ಬರ್ತಿದೆ. ಹೊಸದು ಕಳಿಸ್ಕೊಡಿ.”

ಆಮೇಲೆ ನರ್ಸಮ್ಮನ ಬೈಗುಳ, ತನ್ನ ಸೊಂಟನೋವು, ತಂಗಿಗೆ ಹೆರಿಗೆಯಾಗಿ ತಾನು ಸೋಮವಾರದಿಂದ ರಜ ಹಾಕುವುದು. ಇವನು ‘ಹ್ಞೂಂ, ಹ್ಞೂಂ’ ಎನ್ನುತ್ತಲೇ ಬರೆದ: ಬಾಗಿಲಿನ ರಬ್ಬರು ಸವೆದಿದೆ. ಬದಲಿ ಬೇಕು. ತುರ್ತಿಲ್ಲ. ‘ಇಡ್ಲಾ’ ಕೇಳಿತು, ಗುಂಡಿ ಒತ್ತಿದ. ಅವಳ ಮಾತು ಮುಂದುವರಿದಿತ್ತು. ಇವನು ಇನ್ನೂ ಎರಡು ‘ಹ್ಞೂಂ’ ಸುರಿದು ಕ್ಯಾಂಟೀನಿಗೆ ನಡೆದ. ಸಂಜೆಯೊಳಗೆ ಇಂಜಿನಿಯರಿನ ಉತ್ತರ ಬಂತು: ರಬ್ಬರು ಮಾತ್ರ ಎಂದಾದರೆ ಯಂತ್ರ ಓಡಿಸಬಹುದು, ಹೊಸದು ಮುಂದಿನ ವಾರ ಕಳಿಸಿ.

ಮಂಗಳವಾರ ಅವಳ ಬದಲಿಗೆ ಬಂದಿದ್ದವನು ಬಾಗಿಲ ಹಿಡಿ ತಿರುಗಿಸಿದ. ಒಳಗೆ ಒತ್ತಡ ಇನ್ನೂ ಇಳಿದಿರಲಿಲ್ಲ. ಹಬೆ ನುಗ್ಗಿ ಎರಡೂ ಕೈ ಮೊಣಕೈವರೆಗೆ ಸುಟ್ಟವು.

ಬುಧವಾರ ಆಪರೇಟರ್ ಮತ್ತೆ ಕರೆ ಮಾಡಿದಳು. ಈ ಸಲ ಸೊಂಟನೋವಿಲ್ಲ, ನರ್ಸಮ್ಮನಿಲ್ಲ.

“ಅಣ್ಣಾ, ನಾನು ನಿಮಗೆ ಹೇಳಿದ್ದೆ ಅಲ್ವಾ? ತೊಂದರೆ ಮುಚ್ಚಿಟ್ಟೆ ಅಂತ ನನ್ನನ್ನ ಕೆಲಸದಿಂದ ತೆಗೀತಾರಂತೆ. ನೀವು ಬರ್ದಿರೋದನ್ನ ತೋರಿಸ್ಬಿಡಿ, ಸಾಕು.”

“ನೋಡ್ತೀನಮ್ಮ” ಎಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗೆ ಇವನ ಕೈ ತಾನಾಗಿಯೇ ಹಳೆಯ ಮೂರು ಸಾಲನ್ನು ತೆರೆಯಿತು. ಅಷ್ಟರಲ್ಲಿ ಇಂಜಿನಿಯರಿನ ಪ್ರಶ್ನೆಯೂ ಬಂತು: ಶುಕ್ರವಾರದ ಕರೆಯಲ್ಲಿ ಬಾಗಿಲಿನ ಲಾಕ್ ಬಗ್ಗೆ ಆಪರೇಟರ್ ಏನಾದರೂ ಹೇಳಿದ್ದಳೇ? ಹೇಳಿದ್ದರೆ ಯಂತ್ರವನ್ನು ಅಂದೇ ನಿಲ್ಲಿಸಬೇಕಿತ್ತು. ದಯವಿಟ್ಟು ಧ್ವನಿಮುದ್ರಣ ಕೇಳಿ ಸಾರಾಂಶ ಕಳಿಸಿ.

ಇವನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡ. ಒಟ್ಟು ಹನ್ನೊಂದು ನಿಮಿಷ. ಒಂಬತ್ತನೆಯ ನಿಮಿಷದಲ್ಲಿ ಎರಡನೆಯ ‘ಇಡ್ಲಾ’, ಆಮೇಲೆ ಅವಳ ದನಿ:

“ಮರೆತಿದ್ದೆ ನೋಡಿ. ಒತ್ತಡದ ಮುಳ್ಳು ಸೊನ್ನೆಗೆ ಬರೋಕೆ ಮುಂಚೇನೇ ಹಿಡಿ ತಿರುಗುತ್ತೆ ಅಣ್ಣಾ, ಲಾಕೇ ಬೀಳ್ತಿಲ್ಲ. ನಾನಾದ್ರೆ ಕಾಯ್ತೀನಿ. ಬದಲಿಗೆ ಬರೋನಿಗೆ ಗೊತ್ತಿಲ್ಲ. ನಿಮ್ಮ ಇಂಜಿನಿಯರಿಗೆ ಇದನ್ನೇ ಮೊದ್ಲು ಬರೀರಿ. ಬರ್ಕೊಂಡ್ರಾ?”

“ಹ್ಞೂಂ, ಬರ್ಕೊಂಡೆ ಬಿಡಮ್ಮ.”

ಅದು ಇವನದೇ ದನಿ, ಬಾಯಲ್ಲಿ ಬಿಸ್ಕತ್ತು ಇದ್ದಂತಿತ್ತು. ಇವನಿಗೆ ನಾಚಿಕೆಯಾಯಿತು, ಇಲ್ಲವೆನ್ನಲಾರೆ. ನಿಜ ಬರೆಯಲು ಒಂದು ಸಾಲು ಸಾಕಾಗುತ್ತಿತ್ತು. ಇವನು ಕಚೇರಿಯನ್ನೊಮ್ಮೆ ಸುತ್ತ ನೋಡಿದ. ಆ ಧ್ವನಿಮುದ್ರಣ ಕೇಳುವ ಅನುಮತಿ ಇದ್ದುದು ಇವನೊಬ್ಬನಿಗೆ, ಅದರ ಭಾಷೆ ಇಂಜಿನಿಯರಿಗೆ ತಿಳಿಯದು. ನಾಚಿಕೆ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಇಳಿಯಿತು.

ಬರೆದ: ಆಪರೇಟರ್ ರಬ್ಬರಿನ ಬಗ್ಗೆ ಮಾತ್ರ ದೂರಿದ್ದಾರೆ. ಉಳಿದದ್ದು ಮನೆಯ ವಿಷಯ. ಲಾಕ್ ಬಗ್ಗೆ ಏನೂ ಇಲ್ಲ.

ಹತ್ತು ನಿಮಿಷದಲ್ಲಿ ಉತ್ತರ ಬಂತು: ಎಂದಿನಂತೆ ಬಹಳ ಸ್ಪಷ್ಟವಾಗಿದೆ, ಧನ್ಯವಾದ. ಆಸ್ಪತ್ರೆಗೂ ಇದನ್ನೇ ಕಳಿಸುತ್ತಿದ್ದೇನೆ.